ಸಾವಜಿ ಖಾನಾವಳಿಯ ಸಣ್ಣ ಅಡುಗೆಮನೆ: ಕೆಂಪು ಬೋರ್ಡ್ ಎಲ್ಲಿಗೆ ನಿಲ್ಲಬೇಕು?

ಹುಬ್ಬಳ್ಳಿಯ ಅಥವಾ ಗದಗ-ಬೆಟಗೇರಿಯ ಯಾವುದೇ ಸಾವಜಿ ಖಾನಾವಳಿಯಲ್ಲಿ ಊಟಕ್ಕೆ ಕೂತರೆ ತಾಟಿಗೆ ಮೊದಲು ಬರುವುದು ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ, ಒಂದು ಲಿಂಬೆ ಹೋಳು. ಆಮೇಲೆ ರೊಟ್ಟಿ, ಖಿಮಾ, ಚಿಕನ್, ಎಣ್ಣೆ ತೇಲುವ ಕೆಂಪು ಸಾರು. ಜನ ಹೊಟ್ಟೆ ಕೆಟ್ಟಾಗ ದೂರುವುದು ಮಾಂಸವನ್ನು, ಇಲ್ಲವೇ ಖಾರವನ್ನು. ಆದರೆ ಮಾಂಸ ಕುದ್ದಿದೆ. ಚಿಕನ್ ತುಂಡಿನ ಒಳಭಾಗ 75 ಡಿಗ್ರಿ ಮುಟ್ಟಿ ಕೆಲವು ಸೆಕೆಂಡು ನಿಂತರೂ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳಾದ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎರಡೂ ಸಾಯುತ್ತವೆ. ಸಾವಜಿ ಸಾರು ಅದಕ್ಕಿಂತ ಎಷ್ಟೋ ಹೊತ್ತು ಕುದಿಯುತ್ತದೆ. ಉಳ್ಳಾಗಡ್ಡಿ ಮಾತ್ರ ಒಲೆಯ ಹತ್ತಿರ ಹೋಗುವುದೇ ಇಲ್ಲ. ಬೆಳಿಗ್ಗೆ ಹಸಿ ಚಿಕನ್‌ನಿಂದ ಹೊರಟ ಸೂಕ್ಷ್ಮಜೀವಿ ಬೋರ್ಡು, ಚಾಕು, ಕೈ, ಅರಿವೆ, ನಳ, ಯಾವ ದಾರಿಯಿಂದಲಾದರೂ ಆ ಉಳ್ಳಾಗಡ್ಡಿಯನ್ನು ತಲುಪಿದರೆ ಅದನ್ನು ತಡೆಯಲು ಮುಂದೆ ಯಾವ ಹಂತವೂ ಉಳಿದಿರುವುದಿಲ್ಲ.

ಈ ದಾರಿಯನ್ನು ಕಡಿಯುವುದಕ್ಕೆಂದೇ ಬಣ್ಣದ ಚಾಪಿಂಗ್ ಬೋರ್ಡುಗಳು ಬಂದವು. ಈಗ ಪಾತ್ರೆ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ನಾಲ್ಕರದೋ ಆರರದೋ ಸೆಟ್ ಸುಲಭವಾಗಿ ಸಿಗುತ್ತದೆ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ ಸಣ್ಣ ಖಾನಾವಳಿಗಳು, ಮನೆಯಿಂದಲೇ ಡಬ್ಬಿ ಕಳಿಸುವವರು, ಎಗ್ ರೈಸ್ ಗಾಡಿಯವರು ಕೂಡ ಇದನ್ನು ಕೊಳ್ಳುತ್ತಿದ್ದಾರೆ. ಕೊಂಡದ್ದು ಒಳ್ಳೆಯದೇ. ಆದರೆ ಹತ್ತಡಿ ಉದ್ದ ಎಂಟಡಿ ಅಗಲದ, ಒಂದೇ ಸಿಂಕ್ ಇರುವ ಅಡುಗೆಮನೆಯಲ್ಲಿ ಆರು ಬಣ್ಣದ ಬೋರ್ಡುಗಳನ್ನು ಗೋಡೆಗೆ ನೇತುಹಾಕಿದ ಮಾತ್ರಕ್ಕೆ ಹಸಿ ಮತ್ತು ಬೆಂದದ್ದು ಬೇರೆಯಾಗುವುದಿಲ್ಲ. ಎಷ್ಟೋ ಕಡೆ ಬಣ್ಣವೇ ಹೊಸ ಗೊಂದಲಕ್ಕೆ ಕಾರಣವಾಗಿದೆ.

ಒಂದೇ ಬಣ್ಣಕ್ಕೆ ಎರಡು ಅರ್ಥ

ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಪಟ್ಟಿಯ ಪ್ರಕಾರ ಕೆಂಪು ಹಸಿ ಮಾಂಸಕ್ಕೆ, ನೀಲಿ ಹಸಿ ಮೀನಿಗೆ, ಹಳದಿ ಬೆಂದ ಮಾಂಸಕ್ಕೆ, ಹಸಿರು ಸಲಾಡ್ ಮತ್ತು ಹಣ್ಣಿಗೆ, ಕಂದು ಮಣ್ಣಿನ ತರಕಾರಿಗೆ, ಬಿಳಿ ಬ್ರೆಡ್ ಮತ್ತು ಹಾಲಿನ ಪದಾರ್ಥಕ್ಕೆ. ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಪಟ್ಟಿಯಲ್ಲಿ ಹಳದಿ ಅಂದರೆ ಹಸಿ ಕೋಳಿ, ಕಂದು ಅಂದರೆ ಬೆಂದ ಮಾಂಸ. ಅಂದರೆ ಒಂದು ಪಟ್ಟಿಯಲ್ಲಿ ತಿನ್ನಲು ತಯಾರಾದ ಆಹಾರದ ಬೋರ್ಡು ಇನ್ನೊಂದರಲ್ಲಿ ಹಸಿ ಕೋಳಿಯದು. ನಮ್ಮಲ್ಲಿ ಎರಡೂ ಬಗೆಯ ಚಾರ್ಟುಗಳು ಸೆಟ್‌ನೊಂದಿಗೆ ಬರುತ್ತವೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದ ಹುಡುಗ ಒಂದನ್ನು ಕಲಿತಿರುತ್ತಾನೆ, ಗೋಡೆಯ ಮೇಲೆ ಇನ್ನೊಂದು ಅಂಟಿರುತ್ತದೆ. ಅವನೂ ಗೋಡೆಯ ಚಾರ್ಟು ನೋಡಿ ಕೆಲಸ ಮಾಡುವವನೂ ನಿಯಮ ಪಾಲಿಸುತ್ತಲೇ ಹಳದಿ ಬೋರ್ಡಿನ ಮೇಲೆ ಒಬ್ಬ ಹಸಿ ಚಿಕನ್, ಒಬ್ಬ ಬೆಂದ ಚಿಕನ್ ಕತ್ತರಿಸುತ್ತಾರೆ.

ಕಂದು ಬಣ್ಣದ ತೊಡಕು ನಮ್ಮ ದೇಶದ್ದೇ. ಪ್ಯಾಕೆಟ್‌ಗಳ ಮೇಲೆ ಹಸಿರು ಗುರುತು ಸಸ್ಯಾಹಾರಕ್ಕೆ, ಕಂದು ಗುರುತು ಮಾಂಸಾಹಾರಕ್ಕೆ. 2020ರ ಲೇಬಲಿಂಗ್ ನಿಯಮಾವಳಿಯ ನಂತರ ಕಂದು ಚುಕ್ಕೆಯ ಬದಲು ಕಂದು ತ್ರಿಕೋನ ಬಂದಿದೆ. ಇದನ್ನು ದಿನಾ ನೋಡುವ ಅಡುಗೆಯವರ ಕೈಗೆ ಕಂದು ಬೋರ್ಡ್ ಕೊಟ್ಟು ಇದು ಗಜ್ಜರಿ, ಬಟಾಟಿಗೆ ಅಂದರೆ ಮೊದಲ ದಿನ ನೆನಪಿರುತ್ತದೆ, ಗಿರಾಕಿ ತುಂಬಿದ ದಿನ ಮರೆತುಹೋಗುತ್ತದೆ. ಅದೇ ರೀತಿ ಹಸಿರು ಬೋರ್ಡನ್ನು ಎಲ್ಲ ತರಕಾರಿಗೂ ಅಂತ ತಿಳಿಯುವುದು ಸಹಜ. ಮಣ್ಣು ಮೆತ್ತಿದ ಮೂಲಂಗಿಯೂ ತೊಳೆದ ಸವತಿಕಾಯಿಯೂ ಒಂದೇ ಬೋರ್ಡಿಗೆ ಬರುತ್ತವೆ.

ಯಾವ ಬಣ್ಣ ಯಾವುದಕ್ಕೆ ಎಂದು ನಮ್ಮ ಆಹಾರ ಸುರಕ್ಷತಾ ನಿಯಮಾವಳಿ ಗೊತ್ತುಮಾಡಿಲ್ಲ. 2011ರ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯ ನಾಲ್ಕನೇ ಶೆಡ್ಯೂಲ್ ಕೇಳುವುದು ಹಸಿ ಮತ್ತು ಬೆಂದ ಆಹಾರ, ಸಸ್ಯಾಹಾರ ಮತ್ತು ಮಾಂಸಾಹಾರ ಬೇರೆಬೇರೆ ಇರಬೇಕು ಎಂಬುದನ್ನು. ಆದ್ದರಿಂದ ಸೆಟ್‌ನ ಚಾರ್ಟನ್ನು ಹರಿದು ಹಾಕಿ, ನಿಮ್ಮ ಅಡುಗೆಮನೆಯ ಪದಾರ್ಥಗಳಿಗೆ ತಕ್ಕ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗೆ ಮಾಡುವುದೇ ಸರಿ.

ಮೂರು ಬೋರ್ಡ್ ಸಾಕು, ಪ್ರಶ್ನೆ ಒಂದೇ

ಸಣ್ಣ ಖಾನಾವಳಿಗೆ ಮೂರು ಬೋರ್ಡ್ ಸಾಕು. ಯಾವ ಪದಾರ್ಥ ಯಾವುದರ ಮೇಲೆ ಎಂದು ತೀರ್ಮಾನಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಚಾಕು ತಾಗಿದ ಮೇಲೆ ಇದಕ್ಕೆ ಬೆಂಕಿ ತಾಗುತ್ತದೆಯೋ ಇಲ್ಲವೋ?

ಕೆಂಪು ಬೋರ್ಡು ಹಸಿ ಮಟನ್, ಚಿಕನ್, ಮೀನಿಗೆ. ಕಂದು ಅಥವಾ ನೀಲಿ ಬೋರ್ಡು ಒಲೆಗೆ ಹೋಗುವ ತರಕಾರಿಗೆ, ಅಂದರೆ ಬದನಿಕಾಯಿ, ಬಟಾಟಿ, ಮಸಾಲೆಗೆ ಅರೆಯುವ ಉಳ್ಳಾಗಡ್ಡಿ, ಹಸಿಶುಂಠಿ, ಬಳ್ಳೊಳ್ಳಿ. ಕಂದು ಬಣ್ಣ ಗೊಂದಲ ತರುವುದಾದರೆ ನೀಲಿಯನ್ನೇ ಇಡಿ, ಮೀನು ವಾರಕ್ಕೊಮ್ಮೆಯೂ ಬಾರದ ಊರಲ್ಲಿ ನೀಲಿ ಖಾಲಿಯೇ ಬಿದ್ದಿರುತ್ತದೆ. ಮೂರನೆಯದು ಹಸಿರು. ಅದರ ಮೇಲೆ ಬರುವುದು ಬೆಂಕಿ ಕಾಣದೆ ತಾಟಿಗೆ ಹೋಗುವುದು ಮತ್ತು ಬೆಂಕಿಯಿಂದ ಇಳಿದದ್ದು ಮಾತ್ರ: ಸಲಾಡಿನ ಉಳ್ಳಾಗಡ್ಡಿ, ಸವತಿಕಾಯಿ, ಲಿಂಬೆ, ಮೇಲೆ ಉದುರಿಸುವ ಕೊತಂಬರಿ, ಸುಲಿದ ಬೆಂದ ತತ್ತಿ. ಬೆಂದ ಮಾಂಸವನ್ನು ಮತ್ತೆ ಕತ್ತರಿಸುವ ಪದ್ಧತಿ ಸಾವಜಿ ಅಡುಗೆಯಲ್ಲಿ ಕಡಿಮೆ. ತಂದೂರಿ ಅಥವಾ ರೋಲ್ ಮಾಡುವವರು ಅದಕ್ಕೆ ನಾಲ್ಕನೆಯ ಬೋರ್ಡು ಇಡಬೇಕು. ಸಸ್ಯಾಹಾರಿ ಊಟವನ್ನೂ ಕೊಡುವ ಕಡೆ ಬೆಂದ ಮಾಂಸ ಹಸಿರು ಬೋರ್ಡಿಗೆ ಬರಬಾರದು.

ಒಂದೇ ಉಳ್ಳಾಗಡ್ಡಿ ಎರಡು ಬೋರ್ಡುಗಳಿಗೆ ಹೋಗುವುದನ್ನು ಗಮನಿಸಿ. ಮಸಾಲೆಗೆ ಹೋದಾಗ ನೀಲಿ, ತಾಟಿಗೆ ಹೋದಾಗ ಹಸಿರು. ಸೆಟ್‌ನ ಚಾರ್ಟು ಪದಾರ್ಥದ ಜಾತಿ ನೋಡಿ ಬಣ್ಣ ಕೊಡುತ್ತದೆ, ಸಣ್ಣ ಅಡುಗೆಮನೆಯಲ್ಲಿ ನೋಡಬೇಕಾದದ್ದು ಅದರ ಮುಂದಿನ ದಾರಿ. ಇದು ಅರ್ಥವಾದ ಅಡುಗೆಯವರಿಗೆ ಚಾರ್ಟಿನ ಅಗತ್ಯವೇ ಬೀಳುವುದಿಲ್ಲ.

ಬಣ್ಣದ ಬಗ್ಗೆ ಇನ್ನೆರಡು ಮಾತು. ಕೆಲವು ಗಂಡಸರಿಗೆ ಕೆಂಪು-ಹಸಿರು ಭೇದ ಹುಟ್ಟಿನಿಂದಲೇ ಸರಿಯಾಗಿ ಕಾಣುವುದಿಲ್ಲ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ನಾವು ಬೇರೆ ಮಾಡಬೇಕೆಂದಿರುವುದೇ ಆ ಎರಡು ಬಣ್ಣಗಳನ್ನು. ಆದ್ದರಿಂದ ಕೆಂಪು ಬೋರ್ಡಿನ ಒಂದು ಮೂಲೆಯನ್ನು ಗರಗಸದಿಂದ ಓರೆಯಾಗಿ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ. ಮಬ್ಬು ಬೆಳಕಿನಲ್ಲೂ ಮುಟ್ಟಿದರೆ ಗುರುತು ಸಿಗುತ್ತದೆ. ಚಾಕುವಿನ ಹಿಡಿಕೆಯೂ ಬೋರ್ಡಿನ ಬಣ್ಣದ್ದೇ ಇರಬೇಕು. ಇನ್ನು ಬಿಳಿ ಬೋರ್ಡ್ ನಮ್ಮ ಅಡುಗೆಗೆ ಆಗಿಬರುವುದಿಲ್ಲ. ಅರಿಷಿಣ ಮತ್ತು ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಹತ್ತಿ ತಿಂಗಳೊಳಗೆ ಅದು ಹಳದಿಯೋ ಕಿತ್ತಳೆಯೋ ಆಗಿರುತ್ತದೆ.

ಈಳಿಗೆಯ ಮಾತು ಯಾವ ಚಾರ್ಟಿನಲ್ಲೂ ಇಲ್ಲ. ನಮ್ಮ ಕಡೆಯ ಖಾನಾವಳಿಗಳಲ್ಲಿ ಬೋರ್ಡಿಗಿಂತ ಹೆಚ್ಚು ತರಕಾರಿ ಹೆಚ್ಚುವುದು ಈಳಿಗೆಯ ಮೇಲೆ. ಅದರಲ್ಲಿ ಅಲಗು ಮಣೆಗೆ ಸೇರುವ ಸಂದಿಯೇ ಕೊಳೆ ಕೂರುವ ಜಾಗ. ಅಲಗನ್ನು ಒರೆಸುತ್ತಾರೆ, ಸಂದಿಗೆ ಬ್ರಷ್ ಹೋಗುವುದಿಲ್ಲ. ಜೊತೆಗೆ ಈಳಿಗೆ ನೆಲದ ಮೇಲಿರುತ್ತದೆ, ಅದರ ಮೇಲೆ ಕಾಲು ಇರುತ್ತದೆ. ಬೆಂಕಿಗೆ ಹೋಗುವ ತರಕಾರಿಗೆ ಈಳಿಗೆ ನಡೆಯುತ್ತದೆ. ಮಾಂಸಕ್ಕೂ ಸಲಾಡಿಗೂ ಅದನ್ನು ಬಳಸಬಾರದು.

ಹತ್ತು-ಎಂಟು ಅಡಿಯಲ್ಲಿ ಎರಡು ಬದಿ

ದಿನಕ್ಕೆ ಸುಮಾರು 80 ಊಟ ಬಡಿಸುವ ಒಂದು ಖಾನಾವಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಡುಗೆಮನೆಯ ಉದ್ದದ ಗೋಡೆಗೆ ಹತ್ತಡಿಯ ಕಟ್ಟೆ. ಎಡ ತುದಿಗೆ ಸಿಂಕು, ಬಲ ತುದಿಗೆ ಎರಡು ದೊಡ್ಡ ಒಲೆ. ನಡುವೆ ಸುಮಾರು ಐದಡಿ ಖಾಲಿ ಜಾಗ. ಎದುರು ಗೋಡೆಗೆ ಒಂದು ಫ್ರಿಜ್ಜು, ಅದರ ಪಕ್ಕ ಬಡಿಸುವ ಬಾಗಿಲು. ಕೆಲಸಕ್ಕೆ ಮೂವರು.

ಇಂಥ ಕಡೆ ಎಲ್ಲ ಕತ್ತರಿಸುವ ಕೆಲಸವೂ ಆ ಐದಡಿಯಲ್ಲಿ ನಡೆಯುತ್ತದೆ, ನೀರು ಹತ್ತಿರವಿದೆ ಎಂದು. ಮಾಂಸ ತೊಳೆದ ಸಿಂಕಿನಿಂದ ಒಂದು ಮೊಳ ದೂರದಲ್ಲೇ ಸವತಿಕಾಯಿ ಹೆಚ್ಚುತ್ತಾರೆ. ಬೋರ್ಡು ಹಸಿರೇ ಇರಬಹುದು, ಆದರೆ ಅದು ಕೂತ ಕಟ್ಟೆ ಕೆಂಪು ಕೆಲಸದ ಕಟ್ಟೆ. ಬೋರ್ಡು ಜಾರಬಾರದೆಂದು ಕೆಳಗೆ ಹಾಸುವ ಒದ್ದೆ ಅರಿವೆಯೂ ಬೆಳಗಿನದೇ.

ಬದಲಾವಣೆ ಸರಳ. ಸಿಂಕಿನಿಂದ ಒಲೆಯವರೆಗಿನ ಇಡೀ ಕಟ್ಟೆ ಹಸಿ ಬದಿ. ಅಲ್ಲಿ ಸಿಂಕಿನ ಪಕ್ಕ ಕೆಂಪು, ಒಲೆಯ ಪಕ್ಕ ನೀಲಿ. ಎದುರು ಗೋಡೆಯ ಬಡಿಸುವ ಬಾಗಿಲ ಹತ್ತಿರ ಎರಡಡಿ ಅಗಲದ ಒಂದು ಸ್ಟೀಲ್ ಮೇಜು ಅಥವಾ ಗೋಡೆಗೆ ಮಡಚುವ ಹಲಗೆ ಹಾಕಿದರೆ ಅದು ಬಡಿಸುವ ಬದಿ. ಹಸಿರು ಬೋರ್ಡು, ಹಸಿರು ಹಿಡಿಕೆಯ ಚಾಕು, ರೊಟ್ಟಿ ಬುಟ್ಟಿ, ತಾಟು ಅಲ್ಲಿ ಮಾತ್ರ. ಅಲ್ಲಿ ನಳವಿಲ್ಲ, ಅದರಿಂದ ನಷ್ಟವೂ ಇಲ್ಲ, ಯಾಕೆಂದರೆ ತೊಳೆಯುವ ಕೆಲಸ ಅಲ್ಲಿಗೆ ಬರುವ ಮುಂಚೆಯೇ ಮುಗಿದಿರಬೇಕು. ಎರಡನೇ ಮೇಜಿಗೆ ಜಾಗವೇ ಇಲ್ಲದಿದ್ದರೆ ಕಟ್ಟೆಯ ಮೇಲೆ ಒಂದೂವರೆ ಅಡಿ ಎತ್ತರದ ಸ್ಟೀಲ್ ತಗಡು ಅಡ್ಡ ನಿಲ್ಲಿಸಿ, ಸಿಂಕಿನಿಂದ ದೂರದ ತುದಿಯನ್ನು ಬಡಿಸುವ ಬದಿ ಮಾಡಬಹುದು. ಅದು ಸಿಡಿಯುವ ಹನಿಗಳನ್ನು ತಡೆಯುತ್ತದೆ, ಕೈಯನ್ನು ತಡೆಯುವುದಿಲ್ಲ.

ಫ್ರಿಜ್ಜಿನಲ್ಲೂ ಇದೇ ವಿಂಗಡಣೆ. ಹಸಿ ಮಾಂಸ ಮುಚ್ಚಳದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಬೆಂದದ್ದು ಮತ್ತು ತೊಳೆದ ತರಕಾರಿ ಮೇಲೆ. ರಕ್ತದ ನೀರು ಮೇಲಿಂದ ಕೆಳಗೆ ಸೋರುತ್ತದೆ, ಇಷ್ಟೇ ಕಾರಣ. ಪಾಲಿಥಿನ್ ಚೀಲದಲ್ಲಿ ತಂದ ಚಿಕನ್ನನ್ನು ಹಾಗೆಯೇ ಒಳಗೆ ತಳ್ಳಿದರೆ ಈ ವ್ಯವಸ್ಥೆ ಕೆಡುತ್ತದೆ, ಚೀಲದ ಹೊರಮೈ ಅಂಗಡಿಯಲ್ಲೇ ಒದ್ದೆಯಾಗಿರುತ್ತದೆ.

ಜಾಗ ಸಾಲದಾಗ ಹೊತ್ತು ಬೇರೆ ಮಾಡಬೇಕು

ಮೂವರು, ಒಂದು ಸಿಂಕು. ಜಾಗವನ್ನು ಪೂರ್ತಿ ಬೇರೆ ಮಾಡಲು ಆಗದು. ಆಗ ಬೇರೆ ಮಾಡಬೇಕಾದದ್ದು ಹೊತ್ತನ್ನು.

ಮಧ್ಯಾಹ್ನ ಹನ್ನೆರಡೂವರೆಗೆ ಊಟ ಶುರುವಾಗುವ ಲೆಕ್ಕ ಹಿಡಿಯೋಣ. ಬೆಳಿಗ್ಗೆ ಏಳಕ್ಕೆ ತರಕಾರಿ ಬರುತ್ತದೆ. ಸಿಂಕು ಇನ್ನೂ ಸ್ವಚ್ಛ ಇರುವಾಗಲೇ ಸಲಾಡಿನ ತರಕಾರಿಯನ್ನು ಮೊದಲು ತೊಳೆಯಬೇಕು. ಮಣ್ಣು ಹೋಗುವವರೆಗೆ ಎರಡು ಮೂರು ನೀರು, ಆಮೇಲೆ 50 ಪಿಪಿಎಂ ಕ್ಲೋರಿನ್ ನೀರಿನಲ್ಲಿ ಐದು ನಿಮಿಷ, ಕೊನೆಗೆ ಕುಡಿಯುವ ನೀರಿನಲ್ಲಿ ಒಮ್ಮೆ ಜಾಲಾಡಿಸಿ ನೀರು ಬಸಿಯಬೇಕು. ನಾಲ್ಕು ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ ನಾಲ್ಕು ಲೀಟರ್ ನೀರಿಗೆ 5 ಮಿಲಿ, ಅಂದರೆ ಒಂದು ಚಹಾ ಚಮಚ. ಆಹಾರಕ್ಕೆ ಬಳಸಬಹುದಾದ, ಸುವಾಸನೆ ಸೇರಿಸದ ದ್ರಾವಣವೇ ಇರಬೇಕು, ಬಾಟಲಿಯ ಮೇಲಿನ ಪ್ರಮಾಣ ಬೇರೆಯಿದ್ದರೆ ಲೆಕ್ಕವೂ ಬದಲಾಗುತ್ತದೆ. ತೊಳೆದ ತರಕಾರಿಯನ್ನು ಇಡಿಯಾಗಿಯೇ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೇಲಿನ ಅರೆಗೆ ಇಡಬೇಕು. ಈಗಲೇ ಹೆಚ್ಚಬಾರದು. ಬೆಳಿಗ್ಗೆ ಹೆಚ್ಚಿದ ಸವತಿಕಾಯಿ ಮಧ್ಯಾಹ್ನದ ಬಿಸಿಲಿಗೆ ನೀರು ಬಿಟ್ಟುಕೊಂಡು ಸಾಲ್ಮೊನೆಲ್ಲಾ ಬೆಳೆಯಲು ಒಳ್ಳೆಯ ಜಾಗವಾಗುತ್ತದೆ. ಹೊತ್ತು ಬೇರೆ ಮಾಡುವ ಉತ್ಸಾಹದಲ್ಲಿ ಸಲಾಡನ್ನು ಮೊದಲೇ ಹೆಚ್ಚಿಡುವವರು ಒಂದು ಅಪಾಯ ತಪ್ಪಿಸಿ ಇನ್ನೊಂದನ್ನು ತಂದುಕೊಳ್ಳುತ್ತಾರೆ.

ಎಂಟರಿಂದ ಒಂಬತ್ತರವರೆಗೆ ಒಲೆಗೆ ಹೋಗುವ ತರಕಾರಿ, ಮಸಾಲೆ. ಒಂಬತ್ತರಿಂದ ಹತ್ತರವರೆಗೆ ಮಾಂಸ, ಒಬ್ಬರೇ, ಕೆಂಪು ಬೋರ್ಡಿನ ಮೇಲೆ. ಅದೇ ಹೊತ್ತಿಗೆ ಮಿಕ್ಕವರು ರೊಟ್ಟಿಗೆ ಹಿಟ್ಟು ನಾದಬಹುದು, ಆದರೆ ಸಿಂಕಿನ ಬಳಿ ಬರಬಾರದು. ಹತ್ತಕ್ಕೆ ಮಾಂಸ ಒಲೆಯ ಮೇಲೆ. ಹತ್ತರಿಂದ ಹತ್ತೂಕಾಲು ತೊಳೆಯುವ ಹೊತ್ತು. ಹನ್ನೆರಡಕ್ಕೆ ಹಸಿರು ಬೋರ್ಡು ಇಳಿಯುತ್ತದೆ, ಸಲಾಡನ್ನು ಇಪ್ಪತ್ತು ಊಟಕ್ಕಾಗುವಷ್ಟು ಮಾತ್ರ ಹೆಚ್ಚಿ, ಮುಗಿದಂತೆ ಮತ್ತೆ ಹೆಚ್ಚುತ್ತಾರೆ.

ಈ ಕ್ರಮ ಮುರಿಯುವುದು ಯಾವಾಗ ಎಂದು ಮೊದಲೇ ಹೇಳಬಹುದು: ಒಂದೂವರೆಗೆ. ಚಿಕನ್ ಮುಗಿಯುತ್ತದೆ, ಹೊರಗೆ ಗಿರಾಕಿ ನಿಂತಿರುತ್ತಾರೆ. "ಲಗೂ ಎರಡ ಕೇಜಿ ತರಸ್ರಿ ಮಾಲಕರ, ಇಲ್ಲೇ ಕಡದ ಹಾಕ್ತೀನಿ" ಎಂದು ಒಳಗಿನಿಂದ ಕೂಗು ಬರುತ್ತದೆ. ಕೆಂಪು ಬೋರ್ಡು ಮತ್ತೆ ಇಳಿಯುತ್ತದೆ, ಪಕ್ಕದಲ್ಲೇ ಸಲಾಡ್ ಹೆಚ್ಚುವ ಕೆಲಸ ನಡೆದಿರುತ್ತದೆ, ತೊಳೆಯಲು ಯಾರಿಗೂ ಹದಿನೈದು ನಿಮಿಷವಿಲ್ಲ. ದಿನವಿಡೀ ಪಾಲಿಸಿದ ನಿಯಮ ಇಲ್ಲಿಗೆ ಮುಗಿಯಿತು.

ಅದಕ್ಕೇ ಈ ಅಡುಗೆಮನೆಗೆ ಬೇಕಾದ ಮುಖ್ಯ ನಿಯಮ ಬಣ್ಣದ್ದಲ್ಲ, ಗಡಿಯಾರದ್ದು. ಹತ್ತೂಕಾಲಿನ ನಂತರ ಮಧ್ಯಾಹ್ನದ ಊಟ ಮುಗಿಯುವವರೆಗೆ ಕೆಂಪು ಬೋರ್ಡು ಮೊಳೆಯಿಂದ ಇಳಿಯಬಾರದು. ಇಡೀ ದಿನಕ್ಕೆ ಬೇಕಾದ ಮಾಂಸವನ್ನು ಬೆಳಿಗ್ಗೆಯೇ ತುಂಡು ಮಾಡಿ, ಒಂದು ಬಾರಿಗೆ ಬೇಕಾಗುವಷ್ಟರಂತೆ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನ ತಳಕ್ಕೆ ಇಡಬೇಕು. ಒಂದೂವರೆಗೆ ಮುಗಿದರೆ ಡಬ್ಬಿ ತೆಗೆದು ನೇರವಾಗಿ ಪಾತೇಲಿಗೆ ಸುರಿಯುವುದು, ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಕಟ್ಟೆಯ ಕೆಳಗೆ ಇಡುವುದು, ಕೈ ತೊಳೆಯುವುದು. ಫ್ರಿಜ್ಜು 5 ಡಿಗ್ರಿಗಿಂತ ಮೇಲೇರದಂತೆ ನೋಡಿಕೊಳ್ಳಬೇಕು. ಬಿಸಿ ಪಾತೇಲಿಯನ್ನು ಒಳಗಿಟ್ಟರೆ, ಇಲ್ಲವೇ ಬಾಗಿಲು ಸದಾ ತೆರೆದುಕೊಳ್ಳುತ್ತಿದ್ದರೆ ಏರುತ್ತದೆ. ಒಳಗೊಂದು ಥರ್ಮಾಮೀಟರ್ ಇಟ್ಟರೆ ಊಹಿಸುವ ಕೆಲಸ ತಪ್ಪುತ್ತದೆ.

ತೊಳೆಯುವಾಗಲೇ ಹರಡುವುದು

ಹಸಿ ಚಿಕನ್ ತೊಳೆಯಬೇಡಿ ಎಂದು ಹೊರದೇಶದ ಸಲಹೆಗಳು ಹೇಳುತ್ತವೆ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಳಿ ತೊಳೆದವರ ಪೈಕಿ 60 ಪ್ರತಿಶತ ಜನರ ಸಿಂಕಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, 26 ಪ್ರತಿಶತ ಜನರ ಸಲಾಡ್ ಎಲೆಗೂ ಅದು ತಲುಪಿತ್ತು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ಹೆಚ್ಚು ಯೋಚಿಸಬೇಕಾದದ್ದು. ಕೋಳಿ ತೊಳೆಯದೇ ಇದ್ದವರಲ್ಲೂ 31 ಪ್ರತಿಶತ ಜನರ ಸಲಾಡಿಗೆ ಬ್ಯಾಕ್ಟೀರಿಯಾ ತಲುಪಿತ್ತು. ಸಿಂಕು ಒಂದೇ ದಾರಿಯಲ್ಲ ಎಂದಾಯಿತು. ಸರಿಯಾಗಿ ತೊಳೆಯದ ಕೈಯೂ ಒಂದು ದಾರಿ.

ನಮ್ಮಲ್ಲಿ ಮಾಂಸ ತೊಳೆಯದೆ ಒಲೆಗೆ ಹಾಕುವವರು ಸಿಗುವುದಿಲ್ಲ. ಬಿಡಿ ಎಂದು ಹೇಳುವುದಕ್ಕಿಂತ ಸಿಡಿಯದಂತೆ ತೊಳೆಯುವುದನ್ನು ಹೇಳುವುದು ಉಪಯೋಗಕ್ಕೆ ಬರುತ್ತದೆ. ಆಳವಾದ ಬೋಗುಣಿಯನ್ನು ಸಿಂಕಿನ ಒಳಗೇ ಇಟ್ಟು, ಮೊದಲು ನೀರು ತುಂಬಿ, ನಳ ಬಂದ್ ಮಾಡಿ, ಆಮೇಲೆ ಮಾಂಸವನ್ನು ನೀರೊಳಗೆ ಇಳಿಸಬೇಕು. ಕೈಯಿಂದ ಮೆಲ್ಲಗೆ ತಿರುವಿ, ನೀರನ್ನು ಸಿಂಕಿನ ತೂತಿನ ಹತ್ತಿರವೇ ಬಗ್ಗಿಸಿ ಚೆಲ್ಲಬೇಕು. ಹರಿಯುವ ನಳದ ಕೆಳಗೆ ತುಂಡು ಹಿಡಿಯುವುದರಿಂದಲೇ ಹನಿ ಅಕ್ಕಪಕ್ಕಕ್ಕೆ ಹಾರುವುದು.

ಬೋರ್ಡು ತೊಳೆಯುವ ಕ್ರಮದಲ್ಲೂ ತಪ್ಪುಗಳಿವೆ. ಮೊದಲು ಚೂರುಗಳನ್ನು ಕೆರೆದು ತೆಗೆಯಬೇಕು. ಆಮೇಲೆ ತಣ್ಣೀರಲ್ಲಿ ರಕ್ತ ಹೋಗುವವರೆಗೆ ಜಾಲಾಡಿಸಬೇಕು. ಮೊದಲೇ ಕುದಿಯುವ ನೀರು ಸುರಿದರೆ ರಕ್ತ ಗಟ್ಟಿಯಾಗಿ ಚಾಕುವಿನ ಗೆರೆಗಳಲ್ಲಿ ಹಿಡಿದುಕೊಳ್ಳುತ್ತದೆ. ನಂತರ ಸಾಬೂನು, ಬೆಚ್ಚಗಿನ ನೀರು, ಗಟ್ಟಿ ಬ್ರಷ್, ಗೆರೆಗಳು ಇರುವ ದಿಕ್ಕಿಗೇ ಉಜ್ಜಬೇಕು. ಸಾಬೂನು ಹೋದ ಮೇಲೆ 200 ಪಿಪಿಎಂ ಕ್ಲೋರಿನ್ ನೀರು, ಅಂದರೆ ಅದೇ ನಾಲ್ಕು ಪ್ರತಿಶತದ ದ್ರಾವಣ ಒಂದು ಲೀಟರಿಗೆ 5 ಮಿಲಿ, ಬೋರ್ಡಿನ ಮೇಲೆ ಎರಡು ನಿಮಿಷ ನಿಲ್ಲಬೇಕು. ಸಾಬೂನಿನ ಹಂತ ಬಿಟ್ಟು ನೇರವಾಗಿ ಕ್ಲೋರಿನ್ ಹಾಕುವವರಿದ್ದಾರೆ. ಕೊಬ್ಬು, ರಕ್ತ ಉಳಿದಿದ್ದರೆ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿ ಹೋಗುತ್ತದೆ, ಸೂಕ್ಷ್ಮಜೀವಿಗೆ ಉಳಿಯುವುದಿಲ್ಲ. ಬಾಟಲಿ ಬಿಸಿಲು ಬೀಳುವ ಕಿಟಕಿಯಲ್ಲಿದ್ದರೆ ಅದರ ಶಕ್ತಿ ವಾರವಾರಕ್ಕೂ ಇಳಿಯುತ್ತದೆ. ಅದನ್ನು ಲಿಂಬೆರಸ, ವಿನೆಗರ್ ಅಥವಾ ಪಾಯಖಾನೆ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಬರುತ್ತದೆ.

ಕೊನೆಗೆ ಬೋರ್ಡನ್ನು ನಿಲ್ಲಿಸಿ ಗಾಳಿಗೆ ಒಣಗಿಸಬೇಕು, ಅರಿವೆಯಿಂದ ಒರೆಸಬಾರದು. ಆಮೇಲೆ ಸಿಂಕು, ಸಿಂಕಾದ ಮೇಲೆ ನಳದ ತಿರುವು. ಕೆಂಪು ಬೋರ್ಡಿನ ಬ್ರಷ್ ಬೇರೆಯೇ ಇರಬೇಕು.

ನೀರಿನ ಕಷ್ಟವನ್ನು ಇಲ್ಲಿ ಹೇಳದೆ ಆಗದು. ಅವಳಿ ನಗರದ ಎಷ್ಟೋ ಓಣಿಗಳಲ್ಲಿ, ಗದಗ-ಬೆಟಗೇರಿಯಲ್ಲಿ ಇನ್ನೂ ಹೆಚ್ಚಾಗಿ, ನಳದ ನೀರು ದಿನಾ ಬರುವುದಿಲ್ಲ. ಬ್ಯಾರಲ್ಲಿನ ನೀರು ಉಳಿಸಲು ಒಂದೇ ಬಕೆಟ್ಟಿನಲ್ಲಿ ಬೋರ್ಡು, ಚಾಕು, ತಾಟು ಎಲ್ಲ ಅದ್ದಿ ತೆಗೆಯುತ್ತಾರೆ. ಆ ಬಕೆಟ್ಟು ಮೂರು ಬಣ್ಣಗಳನ್ನೂ ಒಂದು ಮಾಡಿಬಿಡುತ್ತದೆ. ನೀರು ಕಡಿಮೆಯಿದ್ದಾಗ ಅದ್ದಬಾರದು, ಚೊಂಬಿನಿಂದ ಸುರಿದು ತೊಳೆಯಬೇಕು. ತೊಳೆಯುವ ಸರದಿಯೂ ಹಸಿರು, ನೀಲಿ, ಕೆಂಪು ಎಂದೇ ಇರಬೇಕು. ಹೀಗೆ ಮಾಡಿದರೆ ಕಡಿಮೆ ನೀರಿನಲ್ಲೂ ಕೊಳೆ ಹಿಂದಕ್ಕೆ ಬರುವುದಿಲ್ಲ.

ಬೋರ್ಡನ್ನು ಯಾವಾಗ ಎಸೆಯಬೇಕು? ಉಗುರನ್ನು ಅಡ್ಡಡ್ಡ ಎಳೆದಾಗ ಗೆರೆಗಳಲ್ಲಿ ಸಿಕ್ಕಿಬಿದ್ದರೆ ಅದರ ಆಯುಷ್ಯ ಮುಗಿದಿದೆ. 1990ರ ದಶಕದಲ್ಲಿ ಅಮೆರಿಕದ ಆಹಾರ ಸುರಕ್ಷತಾ ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ, ಗೆರೆ ಬಿದ್ದ ಪ್ಲಾಸ್ಟಿಕ್ ಬೋರ್ಡನ್ನು ಕೈಯಿಂದ ತೊಳೆದು ಶುದ್ಧ ಮಾಡುವುದು ಕಷ್ಟ ಎಂದು ಕಂಡುಬಂತು. ಮರದ ಹಲಗೆ ಸೂಕ್ಷ್ಮಜೀವಿಗಳನ್ನು ಒಳಗೆ ಎಳೆದುಕೊಂಡಿತು, ಅಲ್ಲಿ ಅವು ಕ್ರಮೇಣ ಸತ್ತವು. ಮನೆಯ ಮರದ ಮಣೆ ಕೆಟ್ಟದ್ದೆಂದು ಹೆದರಬೇಕಿಲ್ಲ. ಖಾನಾವಳಿಯಲ್ಲಿ ಅದು ಸದಾ ಒದ್ದೆಯಿದ್ದು ಒಣಗಲು ಬಿಡುವು ಸಿಗದ್ದರಿಂದ ಮಾತ್ರ ಪ್ಲಾಸ್ಟಿಕ್ ಅನುಕೂಲ. ಹಳೆಯ ಕೆಂಪು ಬೋರ್ಡನ್ನು ಉಜ್ಜಿ ಬೇರೆ ಕೆಲಸಕ್ಕೆ ಹಾಕುವ ಉಳಿತಾಯ ಬೇಡ.

ಬೋರ್ಡಿನಾಚೆಯ ದಾರಿಗಳು

2005ರಲ್ಲಿ ಬ್ರಿಟನ್ನಿನ ದಕ್ಷಿಣ ವೇಲ್ಸ್‌ನಲ್ಲಿ ಈ-ಕೊಲೈ ಒ157 ಎಂಬ ಸೂಕ್ಷ್ಮಜೀವಿ ಹರಡಿ, ಮುಖ್ಯವಾಗಿ ಶಾಲಾಮಕ್ಕಳು ಸೇರಿ 150ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಐದು ವರ್ಷದ ಒಬ್ಬ ಬಾಲಕ ತೀರಿಕೊಂಡ. ಶಾಲೆಗಳಿಗೆ ಬೆಂದ ಮಾಂಸ ಪೂರೈಸುತ್ತಿದ್ದ ಕಡೆ ಹಸಿ ಮಾಂಸಕ್ಕೂ ಬೆಂದ ಮಾಂಸಕ್ಕೂ ಒಂದೇ ವ್ಯಾಕ್ಯೂಮ್ ಪ್ಯಾಕಿಂಗ್ ಯಂತ್ರ ಬಳಸುತ್ತಿದ್ದುದನ್ನು ಸಾರ್ವಜನಿಕ ವಿಚಾರಣೆ ಗುರುತಿಸಿತು. ಕತ್ತರಿಸುವ ಜಾಗ ಎಷ್ಟೇ ಬೇರೆಯಾಗಿರಲಿ, ಎರಡೂ ಕಡೆಯವರು ಮುಟ್ಟುವ ಒಂದು ವಸ್ತು ಉಳಿದರೆ ಸಾಕು ಎಂಬುದಕ್ಕೆ ಇದು ಸಾಕ್ಷಿ.

ಖಾನಾವಳಿಯಲ್ಲಿ ಆ ವಸ್ತು ಯಾವುದು? ಮೊದಲನೆಯದು ಉಪ್ಪಿನ ಡಬ್ಬಿ. ಮಾಂಸಕ್ಕೆ ಅರಿಷಿಣ, ಉಪ್ಪು ಹಚ್ಚುವ ಕೈಯೇ ಡಬ್ಬಿಗೆ ಇಳಿಯುತ್ತದೆ, ಮಧ್ಯಾಹ್ನ ಅದೇ ಉಪ್ಪು ಸಲಾಡಿನ ಮೇಲೆ ಬೀಳುತ್ತದೆ. ಮಾಂಸಕ್ಕೆ ಕೈ ಹಚ್ಚುವ ಮುಂಚೆಯೇ ಬೇಕಾದಷ್ಟು ಉಪ್ಪು, ಅರಿಷಿಣ, ಮಸಾಲಿ ಖಾರ ಒಂದು ಬಟ್ಟಲಿಗೆ ತೆಗೆದಿಟ್ಟು, ಉಳಿದದ್ದನ್ನು ಪಾತೇಲಿಗೇ ಹಾಕಿಬಿಡಬೇಕು. ಎರಡನೆಯದು ನಳದ ತಿರುವು: ಮಾಂಸದ ಕೈಯಿಂದ ತೆರೆದ ನಳವನ್ನು ತೊಳೆದ ಕೈಯಿಂದ ಮುಚ್ಚುತ್ತೇವೆ. ಮೊಣಕೈಯಿಂದ ತಳ್ಳುವ ಉದ್ದ ಹಿಡಿಕೆಯ ನಳ ಹಾಕಿಸಿದರೆ ಈ ದಾರಿ ಕಡಿಯುತ್ತದೆ. ಮೂರನೆಯದು ಹೆಗಲ ಮೇಲಿನ ಅರಿವೆ. ಕೈ, ಕಟ್ಟೆ, ಚಾಕು, ತಾಟು ಎಲ್ಲಕ್ಕೂ ಅದೇ. ಹಸಿ ಬದಿಗೂ ಬಡಿಸುವ ಬದಿಗೂ ಬೇರೆ ಬಣ್ಣದ ಅರಿವೆ ಇಟ್ಟು, ಹತ್ತೂಕಾಲಿಗೆ ಹಸಿ ಬದಿಯದನ್ನು ಕುದಿಯುವ ನೀರಿಗೆ ಹಾಕಬೇಕು.

ಕ್ಯಾಂಪಿಲೊಬ್ಯಾಕ್ಟರ್ ಕೆಲವು ನೂರು ಹೊಟ್ಟೆಗೆ ಹೋದರೂ ಕಾಯಿಲೆ ತರಬಲ್ಲದು. ಅದು ಸಲಾಡಿನ ಮೇಲೆ ಬೆಳೆಯಬೇಕೆಂದೇ ಇಲ್ಲ, ಆಗತಾನೇ ಹೆಚ್ಚಿದ ಉಳ್ಳಾಗಡ್ಡಿಯಲ್ಲೂ ಇರಬಹುದು. ಭೇದಿ, ಜ್ವರ ಶುರುವಾಗುವುದು ಸಾಮಾನ್ಯವಾಗಿ ಎರಡರಿಂದ ಐದು ದಿನಗಳ ನಂತರ. ಅಷ್ಟರಲ್ಲಿ ಗಿರಾಕಿ ಇನ್ನೆಷ್ಟೋ ಕಡೆ ಉಂಡಿರುತ್ತಾನೆ, ದೂರು ಹೇಳಲು ಬರುವುದಿಲ್ಲ. "ಇಷ್ಟ ವರ್ಷ ಆತು, ಯಾರಿಗೂ ಏನೂ ಆಗಿಲ್ಲ" ಎಂಬ ಮಾತಿಗೆ ಅಡುಗೆಮನೆಯಲ್ಲಿ ಆಧಾರ ಸಿಗದಿರುವುದು ಇದರಿಂದಲೇ.

ಸಸ್ಯಾಹಾರಿ ಖಾನಾವಳಿಯವರು ಇದು ತಮಗಲ್ಲ ಎಂದುಕೊಳ್ಳಬಾರದು. ರೊಟ್ಟಿಯೊಂದಿಗೆ ಹಸಿಯಾಗಿ ಕೊಡುವ ಮೂಲಂಗಿ, ಗಜ್ಜರಿ, ಮೆಂತೆ ಸೊಪ್ಪು, ಹಕ್ಕರಕಿ ಸೊಪ್ಪು ಮಣ್ಣಿನಿಂದ ನೇರ ತಾಟಿಗೆ ಬರುತ್ತವೆ. ಹುಬ್ಬಳ್ಳಿ-ಧಾರವಾಡದ ಸುತ್ತ ನಾಲಾದ ಕೊಳಚೆ ನೀರಿನಲ್ಲಿ ತರಕಾರಿ ಬೆಳೆಯುವುದು ಸಂಶೋಧಕರು ದಾಖಲಿಸಿದ ಸಂಗತಿ. ಗಿರಮಿಟ್ಟಿನ ಮೇಲೆ ಉದುರಿಸುವ ಕೊತಂಬರಿಗೂ ಇದೇ ಮಾತು. ಇವರಿಗೆ ಕೆಂಪು ಬೋರ್ಡು ಬೇಡ, ಆದರೆ ನೀಲಿ-ಹಸಿರಿನ ಭೇದ, ತೊಳೆಯದ್ದು-ತೊಳೆದದ್ದರ ಗಡಿ ಬೇಕೇಬೇಕು. ಕ್ಲೋರಿನ್ ನೀರು ಸೊಪ್ಪಿನ ಮೇಲಿನ ಸೂಕ್ಷ್ಮಜೀವಿಗಳನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ.

ಅರಿಷಿಣದ ಪರೀಕ್ಷೆ

ನಿಮ್ಮ ಅಡುಗೆಮನೆಯಲ್ಲಿ ದಾರಿ ಎಲ್ಲಿ ತೆರೆದಿದೆ ಎಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಅರಿಷಿಣ ನೇರಳಾತೀತ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುತ್ತದೆ, ಎಣ್ಣೆಯಲ್ಲಿ ಕಲಸಿದರೆ ಇನ್ನೂ ಚೆನ್ನಾಗಿ. ಕಳ್ಳನೋಟು ಪತ್ತೆಗೆ ಅಂಗಡಿಯವರು ಇಟ್ಟುಕೊಳ್ಳುವ ಸಣ್ಣ ದೀಪವೇ ಸಾಕು.

ರಜೆಯ ದಿನ, ಅಡುಗೆ ಇಲ್ಲದ ಹೊತ್ತಿನಲ್ಲಿ, ಅಡುಗೆಮನೆಯನ್ನು ಪೂರ್ತಿ ಒರೆಸಿ ಕತ್ತಲೆ ಮಾಡಿ ದೀಪ ಹಿಡಿದು ನೋಡಿ. ಮೊದಲೇ ಹೊಳೆಯುವ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಬಟ್ಟೆ ಸೋಪಿನ ಪುಡಿ ನೀಲಿಯಾಗಿ ಹೊಳೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಎರಡು ಚಮಚ ಎಣ್ಣೆಗೆ ಅರ್ಧ ಚಮಚ ಅರಿಷಿಣ ಕಲಸಿ ನಾಲ್ಕು ದೊಡ್ಡ ಬಟಾಟಿಗೆ ಹಚ್ಚಿ, ಇದು ಚಿಕನ್ ಎಂದು ಹೇಳಿ ಅಡುಗೆಯವರ ಕೈಗೆ ಕೊಡಿ. ತೊಳೆಯುವುದು, ಕಡಿಯುವುದು, ಉಪ್ಪು ಹಚ್ಚುವುದು, ಬೋರ್ಡು ತೊಳೆಯುವುದು, ಕೊನೆಗೆ ಒಂದು ತಾಟು ಸಲಾಡ್ ಹೆಚ್ಚುವುದು, ಎಲ್ಲ ದಿನದಂತೆಯೇ ನಡೆಯಲಿ. ಯಾರೂ ನಡುವೆ ತಿದ್ದಬಾರದು.

ಮುಗಿದ ಮೇಲೆ ಮತ್ತೆ ಕತ್ತಲೆ ಮಾಡಿ, ಸಿಂಕಿನಿಂದ ಶುರುಮಾಡಿ ಬಡಿಸುವ ಬಾಗಿಲವರೆಗೆ ದೀಪ ಹಿಡಿದು ಬನ್ನಿ. ನಳದ ತಿರುವು, ಉಪ್ಪಿನ ಡಬ್ಬಿಯ ಮುಚ್ಚಳ, ಫ್ರಿಜ್ಜಿನ ಹಿಡಿಕೆ, ಗ್ಯಾಸ್ ಒಲೆಯ ತಿರುವು, ಹಸಿರು ಚಾಕುವಿನ ಹಿಡಿಕೆ, ಹೆಗಲ ಅರಿವೆ, ಮೊಬೈಲ್, ಕೊನೆಗೆ ಸಲಾಡ್ ತಾಟು. ಎಣ್ಣೆ ಅರಿಷಿಣ ಸೂಕ್ಷ್ಮಜೀವಿಗಿಂತ ಗಟ್ಟಿಯಾಗಿ ಅಂಟುತ್ತದೆ, ಆದ್ದರಿಂದ ಬೋರ್ಡಿನ ಗೆರೆಯಲ್ಲಿ ಉಳಿದ ಹಳದಿಯನ್ನು ಕಂಡು ತೊಳೆದದ್ದು ಸಾಲಲಿಲ್ಲ ಎಂದು ತೀರ್ಮಾನಿಸಬೇಡಿ. ಮುಟ್ಟಲೇಬಾರದಿದ್ದ ಜಾಗದಲ್ಲಿ ಹೊಳೆದದ್ದನ್ನು ಮಾತ್ರ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಒಂದೊಂದಕ್ಕೂ ಒಂದು ಬದಲಾವಣೆ ಮಾಡಿ, ಹದಿನೈದು ದಿನ ಬಿಟ್ಟು ಅದೇ ನಾಲ್ಕು ಬಟಾಟಿಯ ಪರೀಕ್ಷೆಯನ್ನು ಅದೇ ಅಡುಗೆಯವರಿಂದ ಮತ್ತೆ ಮಾಡಿಸಿ.